ಮೊದಲ ಅಧ್ಯಾಯವನ್ನೇ ಯಾಕೆ ಕಳಿಸುತ್ತೀರಿ?

*ಸಂಪಾದಕರೇ, ಇಂಗ್ಲಿಷಿನ ಒಂದು ಕಾದಂಬರಿಯನ್ನು ಕನ್ನಡಕ್ಕೆ ತರಬೇಕೆಂದಿದ್ದೇನೆ. ಪ್ರಕಾಶಕರು ಹದಿನೈದು ಪುಟದೊಳಗೆ ಮಾದರಿ ಅನುವಾದ ಕೇಳಿದ್ದಾರೆ. ಮೊದಲ ಅಧ್ಯಾಯ ಮುಗಿಸಿಟ್ಟಿದ್ದೇನೆ, ಅದನ್ನೇ ಕಳಿಸಲೇ? ಇಲ್ಲಾ ಕೊನೆಯಲ್ಲಿ ಬರುವ ಸಾವಿನ ದೃಶ್ಯ ಕಳಿಸಲೇ? ಅದು ಓದಿದವರನ್ನೆಲ್ಲ ಅಳಿಸುತ್ತದೆ. ನನ್ನ ಭಾಷೆ ಎಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ನನಗೇ ಗೊತ್ತಾಗುತ್ತಿಲ್ಲ.*
*— ಒಬ್ಬ ಓದುಗರು*

ನಿಮ್ಮ ಕೊನೆಯ ಸಾಲು ನನಗೆ ತುಂಬ ಹಿಡಿಸಿತು. ಪುಸ್ತಕದಲ್ಲಿ ಚೆಂದದ ಭಾಗ ಯಾವುದು ಎಂದು ಕೇಳುವವರೇ ಜಾಸ್ತಿ. ನೀವು ನಿಮ್ಮ ಭಾಷೆ ಎಲ್ಲಿ ಕಾಣುತ್ತದೆ ಎಂದು ಕೇಳಿದ್ದೀರಿ. ಇಷ್ಟು ಸರಿಯಾಗಿ ಕೇಳಬಲ್ಲ ನೀವು, ಪುಟ ಆರಿಸುವ ಮೊದಲೇ ಒಂದು ಅಧ್ಯಾಯ ಮುಗಿಸಿ ಕೂತದ್ದು ಮಾತ್ರ ನನಗೆ ಬೇಸರ ತಂದಿತು. ಮುಗಿದಿದೆ ಎನ್ನುವ ಕಾರಣಕ್ಕೆ ಅದನ್ನು ಕಳಿಸಬೇಡಿ.

ಮೊದಲ ಅಧ್ಯಾಯವೇ ಬೇಕು ಎಂದು ಪ್ರಕಾಶಕರು ಬಾಯಿಬಿಟ್ಟು ಹೇಳಿದ್ದರೆ ಕೊಡಿ, ಬೇರೆ ಮಾತಿಲ್ಲ. ಹಿಂದಿನ ಕಥೆ ವಿವರಿಸುವ ತಾಪತ್ರಯ ಅಲ್ಲಿಲ್ಲ ಎನ್ನುವುದೂ ನಿಜ. "ನಾನು" ಎಂದು ಒಬ್ಬರೇ ಹೇಳಿಕೊಂಡು ಹೋಗುವ ಕಾದಂಬರಿಯಾದರೆ ಮೊದಲ ಪುಟದಲ್ಲೇ ದನಿ ಸಿಕ್ಕಿಬಿಡುತ್ತದೆ. ಆದರೆ ಹೆಚ್ಚಿನ ಕಾದಂಬರಿಗಳು ಊರು, ಮನೆ, ಬೆಳಕು, ಗಾಳಿ ತೋರಿಸುತ್ತಾ ಶುರುವಾಗುತ್ತವೆ. "ಬೆಟ್ಟದ ನೆರಳು ಮೆಲ್ಲಗೆ ಕೆರೆಯ ಮೇಲೆ ಚಾಚಿಕೊಂಡಿತು" ಎಂಬಂಥ ವಾಕ್ಯವನ್ನು ಹತ್ತು ಜನ ಕನ್ನಡಕ್ಕೆ ತಂದರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅದನ್ನು ಓದಿದ ಪ್ರಕಾಶಕರಿಗೆ ಲೇಖಕರ ಪರಿಚಯ ಆಗುತ್ತದೆ. ನಿಮ್ಮದಾಗುವುದಿಲ್ಲ. ಸಾವಿನ ದೃಶ್ಯದ ಕಥೆಯೂ ಅಷ್ಟೇ. ಇನ್ನೂರು ಪುಟ ಆ ಮನುಷ್ಯನ ಜೊತೆ ಬದುಕಿದ್ದಕ್ಕೆ ನಿಮಗೆ ಅಳು ಬಂತು. ಪ್ರಕಾಶಕರು ಅವನನ್ನು ಈಗಷ್ಟೇ ನೋಡುತ್ತಿದ್ದಾರೆ, ಅವರು ಯಾಕೆ ಅಳಬೇಕು?

ಜನ ಮಾತಾಡುವ ಪುಟಗಳನ್ನು ಕಳಿಸಿ. ಇದನ್ನು ನಾನು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ.

ಯಾಕೆಂದು ಒಬ್ಬ ಗೆಳೆಯನ ಕಥೆಯಲ್ಲೇ ಹೇಳುತ್ತೇನೆ. ಅವನೂ ಇಂಗ್ಲಿಷ್ ಕಾದಂಬರಿಯೊಂದರ ಮೊದಲ ಹದಿನಾಲ್ಕು ಪುಟ ಮಾಡಿ ಎರಡು ಕಡೆ ಕಳಿಸಿದ್ದ. ಎರಡೂ ಕಡೆಯಿಂದ "ಚೆನ್ನಾಗಿದೆ, ಆದರೆ ಈಗ ಬೇಡ" ಎಂದು ಉತ್ತರ ಬಂತು. ಪುಸ್ತಕವನ್ನು ಪೆನ್ಸಿಲ್ ಹಿಡಿದು ಇನ್ನೊಮ್ಮೆ ಓದು ಎಂದೆ. ಇದನ್ನು ಕನ್ನಡದಲ್ಲಿ ಹೇಗಪ್ಪಾ ಹೇಳೋದು ಎಂದು ನಿಂತ ಕಡೆಯೆಲ್ಲ ಅಂಚಿನಲ್ಲಿ ಒಂದು ಗೆರೆ ಎಳೆಯಬೇಕು, ಅಷ್ಟೇ. 260 ಪುಟದಲ್ಲಿ ಮೂವತ್ತೊಂದು ಗೆರೆ ಬಿದ್ದವು. ಮೊದಲ ಅಧ್ಯಾಯದಲ್ಲಿ ಇದ್ದದ್ದು ಒಂದು. ಪುಸ್ತಕದ ನಡುವೆ ಒಂದೇ ದೃಶ್ಯದಲ್ಲಿ ಒಂಬತ್ತು! ಬಾಡಿಗೆ ಮನೆಯ ಹೆಂಗಸು, ಮನೆ ಮಾಲೀಕ, ಅವನ ತಮ್ಮ, ಈ ಮೂವರ ಜಗಳ ಅದು. ಗೆರೆ ಗುಂಪಾಗಿ ಬಿದ್ದಿದ್ದು ಎಲ್ಲೋ, ಅನುವಾದಕ ತಾನೇ ತೀರ್ಮಾನ ಮಾಡಬೇಕಾದದ್ದು ಅಲ್ಲೇ.

ಆ ಜಗಳದಲ್ಲಿ ಹೆಂಗಸಿಗೆ ಒಂದು ಪುಟ್ಟ ಮಾತಿದೆ. ಎರಡೇ ವಾಕ್ಯ, ಎರಡರಲ್ಲೂ "ಯೂ" ಇದೆ. ಗೆಳೆಯನ ಮೊದಲ ಕರಡು ಹೀಗಿತ್ತು:

"ನಿಮಗೆ ಗೊತ್ತಿತ್ತು," ಎಂದು ಅವಳು ಹೇಳಿದಳು. "ನಿಮಗೆ ಮೊದಲಿನಿಂದಲೂ ಗೊತ್ತಿತ್ತು."

ತಪ್ಪೇನೂ ಇಲ್ಲ. ಆದರೆ ಇಲ್ಲಿ ಯಾರೂ ಮಾತಾಡುತ್ತಿಲ್ಲ. ವಾರ ಕಳೆದ ಮೇಲೆ ಅವನು ಹೀಗೆ ತಿದ್ದಿ ತಂದ:

"ಗೊತ್ತಿತ್ತು ನಿಮಗೆ," ಅಂದಳು. "ಮೊದಲಿಂದ್ಲೂ ಗೊತ್ತಿತ್ತು ನಿನಗೆ."

ನೋಡಿ, ಎರಡು ವಾಕ್ಯದ ನಡುವೆ ಅವಳಿಗೆ ಆ ಮನುಷ್ಯನ ಮೇಲಿದ್ದ ಮರ್ಯಾದೆ ಹೊರಟುಹೋಯಿತು. ಇಂಗ್ಲಿಷಿನ "ಯೂ"ಗೆ ಇದನ್ನು ತೋರಿಸುವ ದಾರಿಯೇ ಇಲ್ಲ. ಕನ್ನಡಕ್ಕೆ ಇದೆ, ಅದು ಯಾವ ಕ್ಷಣದಲ್ಲಿ ಆಗಬೇಕು ಎಂದು ಹೇಳಬೇಕಾದವನು ಅನುವಾದಕ. ಒಂದು ಪುಟ ಮೊದಲೇ "ನೀನು" ಬಂದಿದ್ದರೆ ಹೆಂಗಸು ಬಜಾರಿಯಾಗುತ್ತಿದ್ದಳು. ಬಾರದೇ ಇದ್ದಿದ್ದರೆ ಸಪ್ಪೆಯಾಗುತ್ತಿದ್ದಳು. "ಗೊತ್ತಿತ್ತು" ವಾಕ್ಯದ ತಲೆಗೆ ಬಂದದ್ದು, "ಎಂದು ಅವಳು ಹೇಳಿದಳು" ಹೋಗಿ "ಅಂದಳು" ಉಳಿದದ್ದು, ಇವೂ ಅವನದೇ ಕೈಕೆಲಸ. ಮೂರನೇ ಪ್ರಕಾಶಕರು ಈ ಪುಟ ಓದಿ ಫೋನ್ ಮಾಡಿದರು. ಅವರು ಕೇಳಿದ ಮೊದಲ ಪ್ರಶ್ನೆ, ಆಮೇಲೆ ಅವಳು ಮತ್ತೆ "ನೀವು" ಅಂತಾಳಾ ಎಂದು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ದನಿ ಕಾಣಲಿ ಎಂದು ಕೆಲವರು ಗಾದೆ, ಶ್ಲೇಷೆ, ಆಡುಮಾತು ಎಲ್ಲ ತುಂಬಿರುವ ಪುಟಗಳನ್ನು ಅಲ್ಲಿಂದೊಂದು ಇಲ್ಲಿಂದೊಂದು ಹೆಕ್ಕಿ ಕಳಿಸುತ್ತಾರೆ. ಓದಿದವರಿಗೆ ಅನುಮಾನ ಬರುತ್ತದೆ, ನಡುವಿನ ಸಾದಾ ಪುಟಗಳನ್ನು ಇವರು ಹೇಗೆ ಮಾಡಿರಬಹುದು ಅಂತ. ಅದಕ್ಕೇ ಒಂದೇ ಓಟದ ಹತ್ತು ಹನ್ನೆರಡು ಪುಟ ಇರಲಿ. ಮಾತಿನ ನಡುವೆ ಯಾರೋ ಎದ್ದು ಕಿಟಕಿ ಹಾಕುವ, ಸುಮ್ನೆ ಕೂರುವ ಒಂದೆರಡು ಸಾದಾ ಪ್ಯಾರಾಗಳೂ ಅದರಲ್ಲಿ ಬರಲಿ. ದೃಶ್ಯ ಶುರುವಾಗುವ ಕಡೆ ಶುರುಮಾಡಿ, ಅದು ಮುಗಿಯುವ ಕಡೆ ನಿಲ್ಲಿಸಿ. ಮೇಲೆ ನಾಲ್ಕು ಸಾಲಿನಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬರೆಯಿರಿ. ನಾಲ್ಕು ಸಾಲು ಸಾಲದೆ ಅರ್ಧ ಪುಟ ಬೇಕಾಯಿತೋ, ಆ ದೃಶ್ಯ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ನನ್ನ ಗೆಳೆಯ ಮೊದಲು ಆರಿಸಿದ್ದ ಇನ್ನೊಂದು ಜಗಳ ಬಿದ್ದುಹೋದದ್ದು ಇದಕ್ಕೇ. ಅದರಲ್ಲಿ ಏಳು ಜನ ಇದ್ದರು.

ಪುಟ ಗೊತ್ತಾದ ಮೇಲೆ ಯಾರಾದರೂ ಒಬ್ಬರಿಗೆ ಅದನ್ನು ಗಟ್ಟಿಯಾಗಿ ಓದಲು ಕೊಡಿ. ನೀವು ಓದಬೇಡಿ, ನಿಮ್ಮ ನಾಲಿಗೆ ವಾಕ್ಯವನ್ನು ಸರಿಮಾಡಿಕೊಂಡುಬಿಡುತ್ತದೆ. ಅವರು ಎಲ್ಲಿ ತಡವರಿಸಿ ವಾಕ್ಯವನ್ನು ಮತ್ತೆ ಮೊದಲಿಂದ ಓದುತ್ತಾರೋ ಅಲ್ಲಿ ಇಂಗ್ಲಿಷಿನ ವಾಕ್ಯ ಇನ್ನೂ ಹಾಗೇ ಕೂತಿದೆ ಎಂದು ತಿಳಿಯಿರಿ. ಮೂಲದ ಆ ಪುಟಗಳನ್ನೂ ಮಾದರಿಯ ಜೊತೆಗಿಡಿ. ಹಕ್ಕು ಯಾರ ಬಳಿ ಇದೆ, ಕನ್ನಡಕ್ಕೆ ಇನ್ನೂ ಖಾಲಿ ಇದೆಯಾ ಎಂದು ಮೊದಲೇ ವಿಚಾರಿಸಿ. ಬೇರೆಯವರು ಕೊಂಡಾಗಿದ್ದರೆ ನಿಮ್ಮ ದುಡಿಮೆ ಅಷ್ಟೂ ದಂಡ.

ದುಡಿಮೆ ಎಂದಾಗ ಹೇಳದೇ ಇರಲಾರೆ. ಈ ಹನ್ನೆರಡು ಪುಟಕ್ಕೆ ನೀವು ಒಂದು ತಿಂಗಳು ಕೂರುತ್ತೀರಿ. ಅದಕ್ಕೆ ಕಾಸು ಕೊಡಬೇಕು ಎಂದು ಹೆಚ್ಚಿನ ಪ್ರಕಾಶಕರಿಗೆ ಅನಿಸುವುದೇ ಇಲ್ಲ. ನನ್ನ ಚಿಕ್ಕ ವಯಸ್ಸಿನಲ್ಲಿ ಒಬ್ಬರು ಮೂವತ್ತು ಪುಟ ಮಾಡಿಸಿಕೊಂಡು, ಆಮೇಲೆ ಇನ್ನೂ ಇಪ್ಪತ್ತು ಕೇಳಿ, ಕೊನೆಗೆ ಉತ್ತರವನ್ನೇ ಬರೆಯಲಿಲ್ಲ. ಆ ಐವತ್ತು ಪುಟ ಇವತ್ತಿಗೂ ನನ್ನ ಕಪಾಟಿನಲ್ಲಿವೆ. ಕೊಡುವುದೇ ಅಸಾಧ್ಯ ಎನ್ನುವವರಿಗೆ ಇಂಗ್ಲಿಷ್ ಪೆನ್ ಸಂಸ್ಥೆಯ ಪೆನ್ ಪ್ರೆಸೆಂಟ್ಸ್ ಯೋಜನೆ ನೋಡಿ ಎನ್ನುತ್ತೇನೆ. ಇಂಗ್ಲಿಷಿಗೆ ಮಾದರಿ ಅನುವಾದ ಮಾಡುವ ಕೆಲಸಕ್ಕೇ ಅವರು ಅನುವಾದಕರಿಗೆ ಹಣ ಕೊಡುತ್ತಾರೆ. ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿಯ 50,000 ಪೌಂಡನ್ನೂ 2016ರಿಂದ ಲೇಖಕರು, ಅನುವಾದಕರು ಸಮನಾಗಿ ಹಂಚಿಕೊಳ್ಳುತ್ತಾರೆ. ಕೊನೆಯಲ್ಲಿ ಅರ್ಧ ಪಾಲು ಎಂದು ಒಪ್ಪುವ ಲೋಕ, ಮೊದಲಿನ ಹನ್ನೆರಡು ಪುಟವನ್ನು ಪುಕ್ಕಟೆ ಕೇಳುವುದು ನನಗಂತೂ ಒಪ್ಪಿಗೆಯಿಲ್ಲ.

ನಿಮ್ಮ ಪ್ರಕಾಶಕರು ಹದಿನೈದರೊಳಗೆ ಎಂದಿದ್ದಾರಲ್ವಾ, ಹನ್ನೆರಡು ಕೊಡಿ. ಇನ್ನಷ್ಟು ಬೇಕು ಎಂದರೆ ಪುಟಕ್ಕೆ ಎಷ್ಟು ಕೊಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಮುಗಿಸಿಟ್ಟ ಮೊದಲ ಅಧ್ಯಾಯವನ್ನು ಹರಿಯಬೇಡಿ, ಒಪ್ಪಂದ ಆದಮೇಲೆ ಅದು ಬೇಕಾಗುತ್ತದೆ. ಈ ವಾರ ಪೆನ್ಸಿಲ್ ತಗೊಂಡು ಕೂತು, ಗೆರೆಗಳು ಎಲ್ಲಿ ಗುಂಪಾದವು ಎಂದು ನನಗೊಂದು ಸಾಲು ಬರೆಯಿರಿ.

— ಸಂಪಾದಕ