ವಾರ್ಡ್ ಗೆರೆ ಯಾವ ವರ್ಷದ ಜನಕ್ಕೆ?

*ಸಂಪಾದಕರೇ, ಹಳೇ ಪೇಟೆಯ ವಾರ್ಡ್‌ಗಿಂತ ನಮ್ಮ ವಾರ್ಡ್‌ನಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು ಜನ ಇದ್ದಾರೆ. ಅಲ್ಲಿಗೂ ಒಬ್ಬರೇ ಸದಸ್ಯರು, ಇಲ್ಲಿಗೂ ಒಬ್ಬರೇ. ಒಟ್ಟು ಜನಸಂಖ್ಯೆಯನ್ನು ವಾರ್ಡ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಮುಗೀತಲ್ವಾ? ಇದನ್ನು ಬೇಕಂತಲೇ ಮಾಡಿದ್ದಾ? ಊರು ಬೆಳೆದ ಹಾಗೆ ವಾರ್ಡ್‌ಗಳೂ ಜಾಸ್ತಿ ಆಗಬೇಕಲ್ವಾ?*
— ಒಬ್ಬ ಓದುಗರು

ಪ್ರಿಯ ಓದುಗರೇ,

ಬೇಕಂತಲೇ ಮಾಡಿರಬಹುದು. ಆದರೆ ಯಾರೂ ಏನೂ ಮೋಸ ಮಾಡದೆಯೂ ನೀವು ಹೇಳುವ ಸ್ಥಿತಿ ಬರುತ್ತದೆ. ಅದು ಹೇಗೆ ಅನ್ನುವುದನ್ನೇ ಮೊದಲು ನೋಡೋಣ. ಮೋಸ ಎಲ್ಲಿ ಅಡಗಬಹುದು ಅನ್ನುವುದು ಆಮೇಲೆ ತಾನಾಗಿಯೇ ಕಾಣುತ್ತದೆ.

ಲೆಕ್ಕಕ್ಕೆ ಒಂದು ನಗರ ಇಟ್ಟುಕೊಳ್ಳಿ. ಜನಗಣತಿಯ ಪ್ರಕಾರ ಅಲ್ಲಿ 10 ಲಕ್ಷ ಜನ. ಕಾನೂನು 50 ವಾರ್ಡ್ ಎಂದಿದೆ. ಭಾಗಿಸಿದರೆ ವಾರ್ಡ್‌ಗೆ ಸರಾಸರಿ 20 ಸಾವಿರ. ಇಲ್ಲಿಯವರೆಗೆ ನೀವು ಹೇಳಿದ್ದೇ ಸರಿ. ಆದರೆ ಗೆರೆ ಎಳೆಯುವವರ ಕೈಯಲ್ಲಿ ಇರುವುದು ಬಿಡಿ ಬಿಡಿ ಜನರಲ್ಲ, ಗಣತಿಯ ಬ್ಲಾಕ್‌ಗಳು. ಒಬ್ಬ ಗಣತಿದಾರ ಸುತ್ತಿ ಎಣಿಸುವಷ್ಟು ಮನೆಗಳ ಗುಂಪು ಅದು. ಬ್ಲಾಕ್ ಒಳಗೆ ಯಾವ ಮನೆಯಲ್ಲಿ ಎಷ್ಟು ಜನ ಅನ್ನುವ ವಿವರ ಹೊರಗೆ ಸಿಗುವುದಿಲ್ಲ. ಹಾಗಾಗಿ ಬ್ಲಾಕನ್ನು ಒಡೆಯದೆ, ಒಂದಕ್ಕೊಂದು ತಾಗಿರುವ ಬ್ಲಾಕ್‌ಗಳನ್ನು ಸೇರಿಸುತ್ತಾ 20 ಸಾವಿರದ ಹತ್ತಿರ ಬರಬೇಕು. ಜೊತೆಗೆ ಗೆರೆಯನ್ನು ದೊಡ್ಡ ರಸ್ತೆ, ರೈಲು ಹಳಿ ಅಥವಾ ನದಿಯ ಗುಂಟ ಎಳೆದರೆ ಒಳ್ಳೆಯದು. ಆಗ ತಾನು ಯಾವ ವಾರ್ಡ್‌ನವನು ಅನ್ನುವುದು ಜನರಿಗೆ ಸುಲಭವಾಗಿ ಗೊತ್ತಾಗುತ್ತದೆ. ಒಂದೇ ಬಡಾವಣೆಯನ್ನು ಸುಮ್ಮನೆ ಎರಡು ಹೋಳು ಮಾಡಲೂಬಾರದು.

ಇಷ್ಟನ್ನೆಲ್ಲ ಕಾಪಾಡಿಕೊಂಡು ಎಲ್ಲ ಕಡೆ ಸರಿಯಾಗಿ 20 ಸಾವಿರ ಬರಿಸುವುದು ಆಗದ ಮಾತು. ಅದಕ್ಕೇ ಸರಾಸರಿಗಿಂತ ಇಷ್ಟು ಮೇಲೆ, ಇಷ್ಟು ಕೆಳಗೆ ಇರಬಹುದು ಎಂದು ಒಂದು ಮಿತಿ ಇಟ್ಟುಕೊಳ್ಳುತ್ತಾರೆ. ಎಷ್ಟೋ ಕಡೆ ಅದು ಶೇ. 10. ಅಂದರೆ ನಮ್ಮ ನಗರದಲ್ಲಿ 18 ಸಾವಿರದಿಂದ 22 ಸಾವಿರದವರೆಗಿನ ಯಾವ ವಾರ್ಡ್ ಆದರೂ ನಿಯಮದೊಳಗೇ ಇರುತ್ತದೆ.

ಈ ಸಡಿಲ ಬೇಕೇ ಬೇಕು. ತೊಂದರೆ ಶುರುವಾಗುವುದು ಎಲ್ಲ ಸಡಿಲವೂ ಒಂದೇ ಕಡೆಗೆ ವಾಲಿದಾಗ. ಹಳೇ ಊರಿನ 25 ವಾರ್ಡ್‌ಗಳಿಗೆ ತಲಾ 18,200, ಹೊರವಲಯದ 25 ವಾರ್ಡ್‌ಗಳಿಗೆ ತಲಾ 21,800 ಜನ ಹಾಕಿದ್ದಾರೆ ಅಂದುಕೊಳ್ಳಿ. ಒಂದು ವಾರ್ಡ್ ಕೂಡ ಮಿತಿ ದಾಟಿಲ್ಲ. ಆದರೆ ಹಳೇ ಊರಿನ ಒಟ್ಟು ಜನ 4.55 ಲಕ್ಷ, ಹೊರವಲಯದವರು 5.45 ಲಕ್ಷ. ಸೀಟು ಮಾತ್ರ ಅರ್ಧ ಅರ್ಧ! ಒಂದೊಂದೇ ವಾರ್ಡ್ ನೋಡಿದರೆ ಇದು ಕಾಣುವುದೇ ಇಲ್ಲ. ಪಟ್ಟಿಯನ್ನು ಪ್ರದೇಶದ ಪ್ರಕಾರ ಜೋಡಿಸಿ ಕೂಡಿಸಿದಾಗ ಕಾಣುತ್ತದೆ. ಬೇಕಂತಲೇ ಮಾಡಿದ್ದಾ ಎಂದು ಕೇಳಿದಿರಲ್ಲ, ನಾನಾದರೆ ಮೊದಲು ಇಲ್ಲೇ ಹುಡುಕುತ್ತೇನೆ. ಹಿಗ್ಗು-ಕುಗ್ಗು ಊರಿನ ತುಂಬ ಚದುರಿದ್ದರೆ ಅದು ಬ್ಲಾಕ್‌ಗಳ ತೊಡಕು ಇರಬಹುದು. ಒಂದು ಇಡೀ ಪ್ರದೇಶಕ್ಕೆ ಬರೀ ಹಿಗ್ಗು, ಇನ್ನೊಂದಕ್ಕೆ ಬರೀ ಕುಗ್ಗು ಬಂದಿದ್ದರೆ ಕಾರಣ ಕೇಳಲೇಬೇಕು.

ಈಗ ಕಾಲ ಸೇರಿಸಿ ನೋಡಿ. ಹಳೇ ಊರಿನಲ್ಲಿ ಖಾಲಿ ಜಾಗ ಇಲ್ಲ, ಜನ ಅಷ್ಟೇ ಉಳಿದರು. ಹೊರವಲಯ ವರ್ಷಕ್ಕೆ ಶೇ. 4ರಂತೆ ಬೆಳೆಯಿತು. ಹತ್ತು ವರ್ಷಕ್ಕೆ 21,800 ಇದ್ದದ್ದು 32 ಸಾವಿರ ದಾಟುತ್ತದೆ. ಅಲ್ಲಿ 18,200, ಇಲ್ಲಿ 32 ಸಾವಿರ. ನಿಮ್ಮ ಎರಡು ಪಟ್ಟಿನ ಹತ್ತಿರ ಬಂದೆವು ನೋಡಿ. ನಗರದ ಶೇ. 36ರಷ್ಟು ಜನರ ಕೈಯಲ್ಲಿ ಈಗ ಅರ್ಧ ಸೀಟುಗಳಿವೆ. ನಡುವೆ ಯಾರೂ ಒಂದು ಗೆರೆಯನ್ನೂ ಮುಟ್ಟಿಲ್ಲ. ಗಣತಿ ಮುಗಿದು ಅಂಕಿ ಬರಲು ಒಂದೆರಡು ವರ್ಷ, ಗೆರೆ ಎಳೆಯಲು ಇನ್ನಷ್ಟು ಸಮಯ, ಆ ಗೆರೆಯ ಮೇಲೆ ಎರಡು ಮೂರು ಚುನಾವಣೆ. ಹೀಗಾಗಿ ಹಳೆಯ ಲೆಕ್ಕದ ಮೇಲೆ ಮತ ಹಾಕುವುದು ಮಾಮೂಲಿ ಸಂಗತಿಯೇ ಆಗಿಬಿಟ್ಟಿದೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಕೆನಡಾದ ಟೊರೊಂಟೊ ನಗರದ ಕಥೆಯಲ್ಲಿ ಮದ್ದೂ ಇದೆ, ಅದು ಕೈಜಾರಿದ್ದೂ ಇದೆ. ಅಲ್ಲಿ 44 ವಾರ್ಡ್‌ಗಳಿದ್ದವು. ಕೆಲವು ವಾರ್ಡ್‌ಗಳು ಉಬ್ಬಿ, 2011ರ ಗಣತಿಯ ಹೊತ್ತಿಗೆ ಒಂದರಲ್ಲಿ ಸುಮಾರು 88 ಸಾವಿರ, ಇನ್ನೊಂದರಲ್ಲಿ 45 ಸಾವಿರದ ಆಸುಪಾಸು ಜನ ಇದ್ದರು. ಗೆರೆ ತಿದ್ದಲು ಹೊರಗಿನ ತಜ್ಞರ ತಂಡಕ್ಕೆ ಹೇಳಿದರು. ಆ ತಂಡ ಜನ ಆಗ ಎಷ್ಟಿದ್ದಾರೆ ಎಂದಷ್ಟೇ ನೋಡಲಿಲ್ಲ. 2026ಕ್ಕೆ ಎಲ್ಲಿ ಎಷ್ಟು ಜನ ಇರುತ್ತಾರೆ ಎಂದು ಅಂದಾಜು ಹಾಕಿ, ವಾರ್ಡ್‌ಗೆ ಸುಮಾರು 61 ಸಾವಿರದಂತೆ 47 ವಾರ್ಡ್ ಗುರುತಿಸಿತು. ಬೇಗ ಬೆಳೆಯುವ ಪ್ರದೇಶದ ವಾರ್ಡನ್ನು ಮೊದಲು ಚಿಕ್ಕದಾಗಿ ಇಟ್ಟರೆ, ಮುಂದೆ ಅದು ಬೆಳೆದು ಉಳಿದವುಗಳ ಸಮಕ್ಕೆ ಬರುತ್ತದೆ. ಅಂದಾಜು ತಪ್ಪುವ ಅಪಾಯ ಇದ್ದೇ ಇದೆ. ಆದರೂ ಹಿಂದೆ ನೋಡಿಕೊಂಡು ಗೆರೆ ಎಳೆಯುವುದಕ್ಕಿಂತ ಇದೇ ಒಳ್ಳೆಯ ದಾರಿ ಎಂದು ನನ್ನ ಅನಿಸಿಕೆ.

2018ರಲ್ಲಿ ಚುನಾವಣೆಯ ಪ್ರಚಾರ ಆಗಲೇ ನಡೆದಿತ್ತು. ಆಗ ಪ್ರಾಂತ್ಯದ ಸರ್ಕಾರ ಹೊಸ ಕಾನೂನು ತಂದು 47ನ್ನು 25ಕ್ಕೆ ಇಳಿಸಿತು. ಮೇಲಿನ ಹಂತದ ಚುನಾವಣಾ ಕ್ಷೇತ್ರಗಳ ಗೆರೆಗಳನ್ನೇ ವಾರ್ಡ್ ಗೆರೆಗಳಾಗಿ ಬಳಸಿದರು. ಆ ಗೆರೆಗಳು 2011ರ ಗಣತಿಯ ಮೇಲೆ ನಿಂತಿದ್ದವು. ಸರಾಸರಿ ಒಂದು ಲಕ್ಷ ದಾಟಿತು. ವಿವಾದ ಕೆನಡಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2021ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಕಾನೂನನ್ನು ಎತ್ತಿಹಿಡಿದರು.

ಊರು ಬೆಳೆದರೆ ವಾರ್ಡ್ ಹೆಚ್ಚಬೇಕಲ್ವಾ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ವಾರ್ಡ್ ಎಷ್ಟು ಅನ್ನುವುದು ಗಣತಿಯಿಂದ ತಾನಾಗಿ ಹುಟ್ಟುವುದಿಲ್ಲ, ಅದನ್ನು ಕಾನೂನು ಹೇಳುತ್ತದೆ. ಅಮೆರಿಕದ ಷಿಕಾಗೊದಲ್ಲಿ 1923ರಿಂದ 50 ವಾರ್ಡ್‌ಗಳೇ ಇವೆ. 1920ರಲ್ಲಿ ಅಲ್ಲಿ ಸುಮಾರು 27 ಲಕ್ಷ ಜನ ಇದ್ದರು, ವಾರ್ಡ್‌ಗೆ 54 ಸಾವಿರ. 1950ಕ್ಕೆ 36 ಲಕ್ಷ ದಾಟಿತು, ವಾರ್ಡ್‌ಗೆ 72 ಸಾವಿರ. 2020ಕ್ಕೆ ಮತ್ತೆ 27 ಲಕ್ಷದ ಹತ್ತಿರ, 55 ಸಾವಿರ. ಜನ ಏರಿ ಇಳಿದರೂ 50 ಅಲ್ಲಾಡಲಿಲ್ಲ. ವಾರ್ಡ್ ಹೆಚ್ಚಿಸಿದರೆ ಒಬ್ಬ ಸದಸ್ಯನಿಗೆ ನೋಡಿಕೊಳ್ಳಲು ಕಡಿಮೆ ಜನ ಸಿಗುತ್ತಾರೆ, ನಿಜ. ಆದರೆ ನಿಮ್ಮ ದೂರು ಅದಲ್ಲ ಅಲ್ವಾ? ನಿಮ್ಮ ದೂರು ವಾರ್ಡ್‌ಗಳ ನಡುವಿನ ಅಂತರದ ಬಗ್ಗೆ. ಈಗಿರುವ ಪ್ರತಿ ವಾರ್ಡನ್ನೂ ಎರಡು ಮಾಡಿ 50ನ್ನು 100ಕ್ಕೆ ಏರಿಸಿದರೂ 18,200 ಮತ್ತು 32 ಸಾವಿರ ಎರಡೂ ಅರ್ಧ ಆಗುತ್ತವೆ ಅಷ್ಟೇ, ಒಂದು ಇನ್ನೊಂದರ ಎಷ್ಟು ಪಟ್ಟು ಅನ್ನುವುದು ಹಾಗೇ ಉಳಿಯುತ್ತದೆ.

ಮುಂದಿನ ಸಲ ಕರಡು ಪಟ್ಟಿ ಪ್ರಕಟವಾಗಿ ಆಕ್ಷೇಪಣೆ ಕರೆದಾಗ "ನಮಗೆ ಅನ್ಯಾಯ ಆಗಿದೆ" ಎಂದು ಬರೆದರೆ ಅದು ಕಡತದಲ್ಲೇ ಉಳಿಯುತ್ತದೆ. ಯಾವ ವರ್ಷದ ಜನಸಂಖ್ಯೆ ಬಳಸಿದ್ದೀರಿ ಎಂದು ಕೇಳಿ. ಪ್ರತಿ ವಾರ್ಡ್‌ನ ಜನಸಂಖ್ಯೆಯನ್ನು ಸರಾಸರಿಯಿಂದ ಭಾಗಿಸಿ, ಪ್ರದೇಶವಾರು ಪಟ್ಟಿ ಮಾಡಿ ಲಗತ್ತಿಸಿ. ಆಮೇಲೆ ಬದಲಿ ಗೆರೆಯನ್ನೇ ಕೊಡಿ: ಗಡಿಯಲ್ಲಿರುವ ಇಂಥ ಬ್ಲಾಕ್‌ಗಳನ್ನು ನಮ್ಮ ವಾರ್ಡ್‌ನಿಂದ ತೆಗೆದು ಪಕ್ಕದ ವಾರ್ಡ್‌ಗೆ ಸೇರಿಸಿದರೆ ಎರಡೂ ಮಿತಿಯೊಳಗೆ ಬರುತ್ತವೆ ಎಂದು ಬ್ಲಾಕ್ ಸಂಖ್ಯೆ ಸಮೇತ ಬರೆಯಿರಿ. ಆ ಪಕ್ಕದ ವಾರ್ಡ್ ಮಿತಿ ದಾಟುತ್ತದೆಯೇ ಎಂದು ಕಳಿಸುವ ಮುಂಚೆ ನೋಡಿಕೊಳ್ಳಿ. ಬಹಳಷ್ಟು ಆಕ್ಷೇಪಣೆಗಳು ಬಿದ್ದುಹೋಗುವುದು ಅಲ್ಲೇ.

— ಸಂಪಾದಕ