ಫೋಟೋದಲ್ಲಿರೋದು ಕೆರೆಯೋ, ಹೊಳೆಯೋ, ಡ್ಯಾಮಿನ ಹಿನ್ನೀರೋ?

ಪ್ರಶ್ನೆ: ಕೊಪ್ಪಳ ಕಡೆ ಎಲ್ಲೋ ಡಿಸೆಂಬರ್‌ನಲ್ಲಿ ತೆಗೆದ ಫೋಟೋ. ನೀರು ಹಚ್ಚ ಹಸಿರು, ದಡ ಬೋಳು, ಅದರ ಮೇಲೆ ಮೆಟ್ಟಿಲಿನಂಥ ಗೆರೆಗಳು, ಹಿಂದೆ ಜೋಳದ ಹೊಲ. ಇದು ಕೆರೆಯೋ, ತುಂಗಭದ್ರಾ ಹೊಳೆಯೋ, ಡ್ಯಾಮಿನ ಹಿನ್ನೀರೋ? ಹೇಗೆ ಗುರುತಿಸೋದು?

ಹಿನ್ನೀರೇ ಅಂತ ನನ್ನ ಅಂದಾಜು. ಆದರೆ ಅದನ್ನು ಹೇಳಿದ್ದು ನೀರಿನ ಬಣ್ಣ ನೋಡಿ ಅಲ್ಲ, ದಡ ನೋಡಿ.

ಬಣ್ಣ ಇಲ್ಲಿ ಕಾಲ ಹೇಳುತ್ತದೆ, ಜಾಗ ಹೇಳುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನಿಂದ ಬರುವ ಹೊಸ ನೀರು ಕೆಂಪು ಮಣ್ಣು ಹೊತ್ತು ತರುತ್ತದೆ. ಮಳೆ ನಿಂತ ಮೇಲೆ ಡ್ಯಾಮಿನಲ್ಲಿ ಮಣ್ಣು ತಳಕ್ಕೆ ಇಳಿದು ನೀರು ತಿಳಿಯಾಗುತ್ತದೆ, ಬಿಸಿಲು ಒಳಗೆ ಹೋಗುತ್ತದೆ. ಗೊಬ್ಬರ, ಚರಂಡಿ ನೀರಿನ ಸಾರ ಮೊದಲೇ ಅದರಲ್ಲಿರುತ್ತದೆ. ಆಗ ಪಾಚಿ ಹಬ್ಬಿ ನೀರು ಹಸಿರಾಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ತುಂಗಭದ್ರಾ ಜಲಾಶಯದಲ್ಲಿ ಇದು ಹಲವು ವರ್ಷ ಕಂಡಿರುವ ಸಂಗತಿ. ಅದೇ ನೀರನ್ನು ಕೆಳಗೆ ಬಿಟ್ಟಾಗ ಆನೆಗೊಂದಿ ಕಡೆಯ ಹೊಳೆಯೂ ಹಸಿರು, ಕಾಲುವೆಯೂ ಹಸಿರು. ಊರ ಕೊಳಕು ಸೇರುವ ಕೆರೆಯೂ ಹೀಗೇ ಕಾಣಬಹುದು. ಹಾಗಾಗಿ ಹಸಿರು ಅಂದ ಮಾತ್ರಕ್ಕೆ ಯಾವುದನ್ನೂ ಬಿಡುವಂತಿಲ್ಲ. ಇನ್ನೊಂದು ಮಾತು, ದೂರದ ನೀರಿನ ಬಣ್ಣ ನಂಬಬೇಡಿ, ಅಲ್ಲಿ ಕಾಣುವುದು ಬಹುಮಟ್ಟಿಗೆ ಆಕಾಶದ ನೆರಳು. ಕಾಲ ಬುಡದ ನೀರು ನೋಡಿ. ಫೋಟೋದಲ್ಲಿ ಬೆಳ್ಳಕ್ಕಿಯೋ ಸುಣ್ಣದ ಗೋಡೆಯೋ ಇದ್ದು ಅದೂ ಹಸಿರಾಗಿ ಕಂಡರೆ ದೋಷ ಕ್ಯಾಮೆರಾದ್ದು.

ಈಗ ಆ ಗೆರೆಗಳು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಅಲ್ಲಿಂದ ಬೇಸಿಗೆವರೆಗೆ ಇಳಿಯುತ್ತಲೇ ಹೋಗುತ್ತದೆ. ಇಳಿಯುವಾಗ ಒಂದೇ ಮಟ್ಟದಲ್ಲಿ ನಾಲ್ಕಾರು ದಿನ ನಿಂತರೆ ಅಲೆ ಅಲ್ಲಿ ದಡ ಕೊರೆದು ಒಂದು ಸಣ್ಣ ಮೆಟ್ಟಿಲು ಮಾಡುತ್ತದೆ. ಆ ಮೆಟ್ಟಿಲು ದಡ ಹೇಗೆ ತಿರುಗಿದರೂ ಒಂದೇ ಎತ್ತರದಲ್ಲಿ ಓಡುತ್ತದೆ. ತಿಂಗಳುಗಟ್ಟಲೆ ಮುಳುಗಿದ್ದ ಜಾಗವಾದ್ದರಿಂದ ಗಿಡ ಉಳಿದಿರುವುದಿಲ್ಲ. ಆನೆಗೊಂದಿ ಕಡೆಯ ಹೊಳೆಯಲ್ಲಿ ಇದು ಸಿಗುವುದಿಲ್ಲ. ಅಲ್ಲಿ ದಡ ಎಂದರೆ ಗುಂಡುಬಂಡೆ, ಬಂಡೆಯ ಸಂದಿನಲ್ಲಿ ಮರಳು, ಬಂಡೆ ಸುತ್ತಿ ಹರಿಯುವ ನೀರು.

ಕೆರೆಯಲ್ಲೂ ನೀರು ಇಳಿದಾಗ ಗೆರೆ ಬೀಳುತ್ತದೆ, ಎಡವುವುದು ಇಲ್ಲೇ. ಕೆರೆಯ ಇಳಿತ ಸಾಮಾನ್ಯವಾಗಿ ಕೆಲವೇ ಅಡಿ. ಹೂಳು ತುಂಬಿದ ಮೇಲ್ಭಾಗ ಬಹುತೇಕ ಸಪಾಟು. ಹಾಗಾಗಿ ಜೊಂಡು ನೀರಿಗೇ ಇಳಿದಿರುತ್ತದೆ, ಬಳ್ಳಾರಿ ಜಾಲಿ ಅಂಚಿನವರೆಗೂ ಬಂದಿರುತ್ತದೆ. ನಿಮ್ಮ ಫೋಟೋದಲ್ಲಿ ನೀರಿಗೂ ಮೊದಲ ಪೊದೆಗೂ ನಡುವೆ ಅಗಲವಾದ ಬೋಳು ಪಟ್ಟಿ ಇದೆ. ಅದೇ ಹಿನ್ನೀರಿನ ಕಡೆ ತೂಗುತ್ತದೆ.

ಜೋಳದ ಹೊಲ ಮೂರನೇ ಸಾಕ್ಷಿ, ಆದರೆ ಅರ್ಧ ಸಾಕ್ಷಿ. ನಮ್ಮ ಕಡೆ ಒಂದು ಸರಳ ಲೆಕ್ಕ ಇದೆ: ನೀರು ತಾನಾಗಿ ಹರಿದು ತಲುಪುವ ಕಡೆ ಭತ್ತ, ತಲುಪದ ಕಡೆ ಜೋಳ, ಕಡಲೆ. ಕೆರೆಯಾದರೆ ತೂಬಿನ ಕೆಳಗೆ, ಅಂದರೆ ಏರಿಯ ಹಿಂದೆ ಭತ್ತ. ಏರಿ ಮೇಲೆ ನಿಂತು ನೀರಿನ ಕಡೆ ನೋಡಿದರೆ ಆಚೆ ಕಾಣುವುದು ಒಣ ಹೊಲವೇ. ಎಡದಂಡೆ ಕಾಲುವೆಯಾದರೆ ಕೆಳ ಮಗ್ಗುಲು ಗದ್ದೆ, ಮೇಲ್ಮಗ್ಗುಲು ಎರೆ ಅಥವಾ ಮಸಾರಿ ಹೊಲ, ನೀರಿನ ಅಗಲ ಉದ್ದಕ್ಕೂ ಒಂದೇ. ಹಿನ್ನೀರಿನ ದಡದ ಹೊಲ ನೀರಿಗಿಂತ ಎತ್ತರದಲ್ಲಿ ಇರುವುದರಿಂದ ಅಲ್ಲಿ ಹಸಿಯಲ್ಲೇ ಬರುವ ಹಿಂಗಾರಿ ಬಿಳಿಜೋಳ. ಪಂಪ್‌ಸೆಟ್ ಇಟ್ಟವರು ಈ ಲೆಕ್ಕ ಕೆಡಿಸುತ್ತಾರೆ. ಎತ್ತರದಲ್ಲಿ ಒಂದೆರಡು ತುಂಡು ಭತ್ತವೋ ಕಬ್ಬೋ ಕಂಡರೆ ಗಾಬರಿ ಬೇಡ, ಇಡೀ ಮಗ್ಗುಲು ಹೇಗಿದೆ ನೋಡಿ.

ಖಾತ್ರಿ ಮಾಡಿಕೊಳ್ಳಲು ಗೂಗಲ್ ಅರ್ತ್‌ನಲ್ಲಿ ಹಳೆಯ ಚಿತ್ರಗಳನ್ನು ತೆರೆದು, ನಿಮ್ಮ ಫೋಟೋದ ತಿಂಗಳಿಗೆ ಹತ್ತಿರದ ಚಿತ್ರ ಆರಿಸಿ. ಕೆರೆಗೆ ಒಂದು ಮಗ್ಗುಲಲ್ಲಿ ನೇರ ಅಥವಾ ಬಿಲ್ಲಿನಂಥ ಏರಿ ಕಾಣಬೇಕು. ಹಿನ್ನೀರಿನ ಅಂಚು ಪ್ರತಿ ಹಳ್ಳದೊಳಗೂ ಬೆರಳು ಚಾಚಿದಂತೆ ನುಗ್ಗಿರುತ್ತದೆ. ಫೋಟೋದಲ್ಲಿರುವ ಗುಡ್ಡದ ಸಾಲು ಯಾವ ಬೆರಳಿನ ಎದುರು ಬರುತ್ತದೆ ಎಂದು ಹೊಂದಿಸಿದರೆ ನಿಂತ ಜಾಗವೇ ಸಿಗುತ್ತದೆ.

ಫೋಟೋದ ತಾರೀಕು ಮಾತ್ರ ಸರಿ ಇರಬೇಕು. ಬೋಳು ದಡ ಅಂದರೆ ಮಳೆಗಾಲ ದಾಟಿದೆ ಅಂತ ಎಲ್ಲ ವರ್ಷಕ್ಕೂ ಹೇಳಲಾಗದು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ್ದ ಜಲಾಶಯವನ್ನು ಮಳೆಗಾಲದಲ್ಲೇ ಇಳಿಸಬೇಕಾಯಿತು.