ಗಟ್ಟಿ ಬೇರೆ, ಕಟ್ಟಿದ್ದು ಬೇರೆ

"ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು ರೆಸ್ಪಿರೇಟರಿ ಥೆರಪಿ ಕೊನೇ ವರ್ಷದ ವಿದ್ಯಾರ್ಥಿನಿ. 'ಉಸಿರಿನ ಗಡಿಯಾರ' ಎಂಬ ಲೇಖನ ಕಳಿಸಿದ್ದೇನೆ. ಶ್ವಾಸಕೋಶ ಗಟ್ಟಿಯಾಗಿರಲಿ, ಕಫ ಕಟ್ಟಿರಲಿ, ಕಾಯಿಲೆ ಬಿದ್ದ ಭಾಗಕ್ಕೆ ಗಾಳಿ ನಿಧಾನವಾಗಿ ತುಂಬುತ್ತದೆ ಎನ್ನುವುದನ್ನು ಬಲೂನಿನ ಉದಾಹರಣೆ ಕೊಟ್ಟು ವಿವರಿಸಿದ್ದೇನೆ. ಇದೇ ಲೇಖನ ಎರಡು ಕಡೆಯಿಂದ ವಾಪಸ್ ಬಂತು. ಕಾರಣ ಯಾರೂ ತಿಳಿಸಲಿಲ್ಲ. ಏನು ತಪ್ಪಾಗಿದೆ ಅಂತ ದಯವಿಟ್ಟು ನೇರವಾಗಿ ಹೇಳಿ ಸರ್."

ನಮಸ್ಕಾರ. ಭಾಷೆ ಚೆನ್ನಾಗಿದೆ. ವಿಷಯ ಅರ್ಧ ತಪ್ಪಾಗಿದೆ. ಕಟ್ಟಿಕೊಂಡ ಭಾಗ ನಿಧಾನವಾಗಿ ತುಂಬುತ್ತದೆ, ಅದು ಸರಿ. ಗಟ್ಟಿಯಾದ ಭಾಗ ಮಾತ್ರ ನಿಧಾನ ಅಲ್ಲ. ಅದು ಎಲ್ಲಕ್ಕಿಂತ ಮೊದಲು ತುಂಬಿ ಸುಮ್ಮನಾಗುತ್ತದೆ. ಅದರೊಳಗೆ ಹೋಗುವ ಗಾಳಿ ಕಡಿಮೆ, ಅಷ್ಟೇ. "ಕಡಿಮೆ ತುಂಬಿತು" ಮತ್ತು "ನಿಧಾನವಾಗಿ ತುಂಬಿತು" ಎರಡನ್ನೂ ನೀವು ಒಂದೇ ಅಂದುಕೊಂಡಿದ್ದೀರಿ. ಇಡೀ ಲೇಖನ ಅದರ ಮೇಲೆ ನಿಂತಿರುವುದರಿಂದ ಅಲ್ಲಲ್ಲಿ ತಿದ್ದಿದರೆ ಆಗುವ ಕೆಲಸ ಅಲ್ಲ ಇದು.

ತಪ್ಪು ಎಲ್ಲಿಂದ ಬಂತು ಅಂತಲೂ ಗೊತ್ತಾಯಿತು. ಬಲೂನಿನಿಂದ. ಹೊಸ ಬಲೂನು ಊದುವಾಗ ಕೆನ್ನೆ ನೋಯುತ್ತದೆ, ಕಷ್ಟಪಟ್ಟು ಊದಬೇಕು, ಕಷ್ಟ ಅಂದಮೇಲೆ ಹೊತ್ತು ಹಿಡಿಯುತ್ತದೆ ಅಂತ ಮನಸ್ಸು ತಾನೇ ಸೇರಿಸಿಕೊಳ್ಳುತ್ತದೆ. ಬಲೂನು ಬಿಡಿ. ಮನೆಯ ಮೇಲಿನ ನೀರಿನ ಟ್ಯಾಂಕ್ ತೊಗೊಳ್ಳಿ. ಅದರಿಂದ ಇಳಿದ ಪೈಪು ಕವಲೊಡೆದು ಕೆಳಗಿಟ್ಟ ಪಾತ್ರೆಗಳ ತಳಕ್ಕೆ ಸೇರುತ್ತದೆ ಅಂದುಕೊಳ್ಳಿ. ಪಾತ್ರೆಗಳು ಬೇಕಾದಷ್ಟು ಎತ್ತರ ಇವೆ, ಟ್ಯಾಂಕು ದೊಡ್ಡದು, ಅದರ ಮಟ್ಟ ಇಳಿಯೋದೇ ಇಲ್ಲ. ಕೊನೆಗೆ ಎಲ್ಲ ಪಾತ್ರೆಯಲ್ಲೂ ನೀರು ಟ್ಯಾಂಕಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಒಂದು ಪಾತ್ರೆ ಅಗಲವಾದ ಡ್ರಮ್ಮು, ಇನ್ನೊಂದು ಸಪೂರವಾದ ಕೊಳವೆ. ಪೈಪು ಎರಡಕ್ಕೂ ಒಂದೇ ಥರದ್ದು. ಯಾವುದು ಬೇಗ ಮಟ್ಟ ಮುಟ್ಟುತ್ತದೆ? ಸಪೂರದ್ದು ತಾನೇ? ನಾಲ್ಕು ಚೊಂಬು ನೀರು ಬಿದ್ದರೆ ಅದರ ಮಟ್ಟ ಸರಸರ ಏರುತ್ತದೆ, ಟ್ಯಾಂಕಿಗೂ ಅದಕ್ಕೂ ಅಂತರ ಉಳಿಯೋದಿಲ್ಲ, ಹರಿವು ನಿಲ್ಲುತ್ತದೆ. ಅದೇ ಗಟ್ಟಿಯಾದ ಶ್ವಾಸಕೋಶ. ಈಗ ಎರಡನೇ ಡ್ರಮ್ಮೊಂದನ್ನು ಇಟ್ಟು ಅದರ ಪೈಪಿನ ಮೇಲೆ ಕಲ್ಲು ಹೇರಿ. ನೀರು ತೊಟ್ಟು ತೊಟ್ಟಾಗಿ ಬರುತ್ತದೆ. ಆದರೆ ಕಾಯುವ ತಾಳ್ಮೆ ಇದ್ದರೆ ಆ ಡ್ರಮ್ಮೂ ಪೂರ್ತಿ ತುಂಬುತ್ತದೆ. ಅದೇ ಕಟ್ಟಿಕೊಂಡ ಭಾಗ.

ನೀರಿನ ಮಟ್ಟ ಅಂದರೆ ಗಾಳಿಯ ಒತ್ತಡ, ಪಾತ್ರೆಯ ಅಗಲ ಅಂದರೆ ಕಂಪ್ಲಯನ್ಸ್, ಪೈಪಿನ ಇಕ್ಕಟ್ಟು ಅಂದರೆ ರೆಸಿಸ್ಟೆನ್ಸ್. ಹೊತ್ತು ಎಷ್ಟು ಹಿಡಿಯುತ್ತದೆ ಅನ್ನೋದಕ್ಕೆ ಟೌ, ಅಂದರೆ τ, ಅನ್ನೋ ಗುರುತು ಇದೆ; ಅದನ್ನು ರೆಸಿಸ್ಟೆನ್ಸ್ R, ಕಂಪ್ಲಯನ್ಸ್ C ಎರಡೂ ಸೇರಿ ತೀರ್ಮಾನ ಮಾಡುತ್ತವೆ:

τ = R × C

ಈ ಸೂತ್ರವನ್ನು ನೀವೂ ಕೊಟ್ಟಿದ್ದೀರಿ, ಕೊಟ್ಟು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ಒಂದು ನಿಮಿಷ ನಿಂತಿದ್ದರೆ ನಿಮ್ಮ ತಪ್ಪು ನಿಮಗೇ ಕಾಣುತ್ತಿತ್ತು. ಗಟ್ಟಿಯಾದರೆ C ಕಡಿಮೆ ಆಗುತ್ತದೆ. C ಕಡಿಮೆ ಆದರೆ ಗುಣಲಬ್ಧ ಹೇಗೆ ಜಾಸ್ತಿ ಆಗುತ್ತದೆ? ಓದುಗರಿಗೆ ಇನ್ನೊಂದು ಅನುಮಾನವೂ ಬರುತ್ತದೆ: ಒತ್ತಡ, ಹರಿವು ಇವನ್ನೆಲ್ಲ ಗುಣಿಸಿದರೆ ಸೆಕೆಂಡು ಎಲ್ಲಿಂದ ಬಂತು? ರೆಸಿಸ್ಟೆನ್ಸ್ ಅಂದರೆ ಸೆಕೆಂಡಿಗೆ ಒಂದು ಲೀಟರ್ ಹರಿಸೋಕೆ ಎಷ್ಟು ಸೆಂ.ಮೀ. ನೀರಿನ ಒತ್ತಡ ಬೇಕು ಅನ್ನೋದು. ಕಂಪ್ಲಯನ್ಸ್ ಅಂದರೆ ಒಂದು ಸೆಂ.ಮೀ. ಒತ್ತಡಕ್ಕೆ ಎಷ್ಟು ಲೀಟರ್ ಹಿಗ್ಗುತ್ತದೆ ಅನ್ನೋದು. ಗುಣಿಸಿದಾಗ ಲೀಟರೂ ಹೋಯಿತು, ಒತ್ತಡವೂ ಹೋಯಿತು, ಸೆಕೆಂಡು ಉಳಿಯಿತು. ಒತ್ತಡ ಒಂದೇ ಸಮ ಇದ್ದರೆ, ಒಂದು τ ಕಳೆದಾಗ ತುಂಬಬೇಕಾದ್ದರಲ್ಲಿ ಶೇ. 63 ತುಂಬಿರುತ್ತದೆ, ಮೂರು ಕಳೆದಾಗ ಶೇ. 95.

ಅಂದ ಹಾಗೆ, ಕಂಪ್ಲಯನ್ಸ್‌ಗೆ ನೀವು "ಅನುವರ್ತನಶೀಲತೆ" ಅಂತ ಹಾಕಿದ್ದೀರಿ. ಯಾವ ವಾರ್ಡಿನಲ್ಲಿ ಕೇಳಿದ್ದೀರಿ ಆ ಮಾತನ್ನು? ಒಮ್ಮೆ "ಹಿಗ್ಗುವ ಗುಣ" ಅಂತ ಬಿಡಿಸಿ ಹೇಳಿ, ಆಮೇಲೆ ಕಂಪ್ಲಯನ್ಸ್ ಅಂತಲೇ ಬರೆಯಿರಿ.

ಈಗ ಲೆಕ್ಕ. ನಿಮ್ಮ ಲೇಖನದಲ್ಲಿ ಒಂದೂ ಲೆಕ್ಕ ಇಲ್ಲ. ಇದನ್ನು ಇಟ್ಟುಕೊಳ್ಳಿ. ಒಂದೇ ಎದೆಯೊಳಗೆ ಮೂರು ಭಾಗ. ಮೊದಲನೆಯದು ಆರೋಗ್ಯವಾಗಿದೆ: ರೆಸಿಸ್ಟೆನ್ಸ್ 5, ಕಂಪ್ಲಯನ್ಸ್ 0.05, ಹಾಗಾಗಿ τ 0.25 ಸೆಕೆಂಡ್. ಎರಡನೆಯದು ಕಟ್ಟಿದೆ: ಕಂಪ್ಲಯನ್ಸ್ ಅಷ್ಟೇ, ರೆಸಿಸ್ಟೆನ್ಸ್ ಮಾತ್ರ 20, τ ಒಂದು ಸೆಕೆಂಡ್. ಮೂರನೆಯದು ಗಟ್ಟಿ: ರೆಸಿಸ್ಟೆನ್ಸ್ 5, ಕಂಪ್ಲಯನ್ಸ್ 0.02, τ 0.1 ಸೆಕೆಂಡ್. ವೆಂಟಿಲೇಟರ್ ಮೂರಕ್ಕೂ ಒಂದೇ ಸಮ 10 ಸೆಂ.ಮೀ. ಒತ್ತಡ ಕೊಡುತ್ತಿದೆ. ಬೇಕಾದಷ್ಟು ಹೊತ್ತು ಕೊಟ್ಟರೆ ಆರೋಗ್ಯವಾದದ್ದು 500 ಮಿ.ಲೀ., ಕಟ್ಟಿದ್ದೂ 500, ಗಟ್ಟಿಯಾದದ್ದು 200 ಮಿ.ಲೀ. ಹಿಡಿಯುತ್ತದೆ.

ಕಾಲು ಸೆಕೆಂಡಿನಲ್ಲಿ ನೋಡಿ. ಗಟ್ಟಿಯಾದ ಭಾಗಕ್ಕೆ ಆಗಲೇ 184 ಮಿ.ಲೀ. ಹೋಗಿದೆ, ಕಟ್ಟಿದ್ದಕ್ಕೆ ಬರೀ 111. ಅರ್ಧ ಸೆಕೆಂಡಿನಲ್ಲಿ ಗಟ್ಟಿಯಾದದ್ದು 199, ಕಟ್ಟಿದ್ದು 197. ಹೆಚ್ಚುಕಡಿಮೆ ಒಂದೇ! ಅಲ್ಲೇ ಉಸಿರು ನಿಲ್ಲಿಸಿ ಅಳೆದವರಿಗೆ ಎರಡರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನೀವು ನಿಂತಿರೋದು ಆ ಜಾಗದಲ್ಲೇ. ಇನ್ನರ್ಧ ಸೆಕೆಂಡ್ ಬಿಡಿ. ಗಟ್ಟಿಯಾದದ್ದು 200ರಲ್ಲೇ ಕೂತಿದೆ, ಕಟ್ಟಿದ್ದು 316ಕ್ಕೆ ಏರಿದೆ. ಎರಡು ಸೆಕೆಂಡಿಗೆ 432. ಹೊತ್ತು ಕೊಟ್ಟಿದ್ದರಿಂದ ಲಾಭ ಆದದ್ದು ಕಟ್ಟಿದ ಭಾಗಕ್ಕೆ ಮಾತ್ರ. ಗಟ್ಟಿಯಾದ ಭಾಗಕ್ಕೆ ಜಾಸ್ತಿ ಗಾಳಿ ಬೇಕೆಂದರೆ ಒತ್ತಡವನ್ನೇ ಏರಿಸಬೇಕು, ಇಲ್ಲವೇ ಅದರ ಗಟ್ಟಿತನ ಕಡಿಮೆ ಆಗಬೇಕು. ಹಾಗಾಗಿ "ಕಾಯಿಲೆಯ ಶ್ವಾಸಕೋಶಕ್ಕೆ ಹೆಚ್ಚು ಸಮಯ ಕೊಡಿ" ಎನ್ನುವ ನಿಮ್ಮ ಕೊನೆಯ ವಾಕ್ಯ ಒಂದಕ್ಕೆ ಸರಿ, ಇನ್ನೊಂದಕ್ಕೆ ಸುಮ್ನೆ ಮಾತು.

"ಉಸಿರು ಹಿಡಿದಾಗ ಒಳಗಿನ ಗಾಳಿ ಸ್ತಬ್ಧವಾಗುತ್ತದೆ" ಅಂತಲೂ ಬರೆದಿದ್ದೀರಿ. ಅದೂ ಇಲ್ಲ. ಮೂರನೆಯದನ್ನು ಪಕ್ಕಕ್ಕಿಡಿ, ಆರೋಗ್ಯವಾದದ್ದು ಮತ್ತು ಕಟ್ಟಿದ್ದು ಎರಡೇ ಇವೆ ಅಂದುಕೊಳ್ಳಿ. ಅರ್ಧ ಸೆಕೆಂಡಿಗೆ ಒಂದರಲ್ಲಿ 432, ಇನ್ನೊಂದರಲ್ಲಿ 197. ಒಳಗಿನ ಒತ್ತಡ ಒಂದರಲ್ಲಿ 8.6, ಇನ್ನೊಂದರಲ್ಲಿ 3.9. ಈಗ ಹೊರಗಿನ ದಾರಿ ಮುಚ್ಚಿ. ಟ್ಯಾಂಕಿನ ವಾಲ್ವ್ ಮುಚ್ಚಿದರೂ ಡ್ರಮ್ಮುಗಳ ನಡುವಿನ ಪೈಪು ತೆರೆದೇ ಇದೆಯಲ್ಲ? ಆರೋಗ್ಯವಾದ ಭಾಗದಿಂದ ಸುಮಾರು 118 ಮಿ.ಲೀ. ಗಾಳಿ ಕಟ್ಟಿದ ಭಾಗಕ್ಕೆ ಸರಿಯುತ್ತದೆ. ಎರಡರಲ್ಲೂ 6.3 ಆಗುವವರೆಗೆ ಸರಿಯುತ್ತಲೇ ಇರುತ್ತದೆ. ಇದಕ್ಕೆ ಪೆಂಡೆಲ್‌ಲುಫ್ಟ್ ಅನ್ನುತ್ತಾರೆ, ಜರ್ಮನ್ ಮಾತು, ಲೋಲಕದ ಹಾಗೆ ತೂಗುವ ಗಾಳಿ ಅಂತ ಅರ್ಥ. ವೆಂಟಿಲೇಟರಿನಲ್ಲಿ ಹೋಲ್ಡ್ ಒತ್ತಿದಾಗ ಒತ್ತಡದ ಗೆರೆ ಥಟ್ಟನೆ ಬಿದ್ದು, ಆಮೇಲೂ ಮೆಲ್ಲಗೆ ಇಳಿಯುತ್ತಾ ಹೋಗುತ್ತದಲ್ಲ, ಆ ಮೆಲ್ಲಗಿನ ಇಳಿತದಲ್ಲಿ ಇದರದ್ದೂ ಪಾಲಿದೆ. ಅಂಗಾಂಶ ಸಡಿಲಗೊಳ್ಳುವುದರದ್ದೂ ಪಾಲಿದೆ, ಎಲ್ಲವನ್ನೂ ಇದರ ತಲೆಗೆ ಕಟ್ಟಬೇಡಿ. ಈ ಎರಡು ಭಾಗದ ಮಾದರಿಯನ್ನು 1956ರಲ್ಲಿ ಆರ್ಥರ್ ಓಟಿಸ್ ಮತ್ತು ಜೊತೆಗಾರರು ಲೆಕ್ಕ ಹಾಕಿ ತೋರಿಸಿದರು. ಉಸಿರಾಟದ ವೇಗ ಏರಿದಷ್ಟೂ ನಿಧಾನದ ಭಾಗ ಹಿಂದೆ ಬೀಳುತ್ತದೆ, ಇಡೀ ಶ್ವಾಸಕೋಶವೇ ಗಟ್ಟಿಯಾದಂತೆ ಕಾಣುತ್ತದೆ ಅನ್ನೋದು ಅವರ ಮಾತಿನ ತಿರುಳು.

ಉಸಿರು ಬಿಡುವ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಜೀವಕ್ಕೆ ಬರೋದು ಅಲ್ಲೇ. ನಾನು ಪತ್ರಿಕೆಗೆ ಬರುವ ಮುಂಚೆ ಐಸಿಯು ಡಾಕ್ಟರಾಗಿದ್ದೆ. ಶುರುವಿನ ದಿನಗಳಲ್ಲಿ, ಒಂದು ರಾತ್ರಿ, ಜೋರು ಅಸ್ತಮಾದ ರೋಗಿ ವೆಂಟಿಲೇಟರಿನಲ್ಲಿದ್ದರು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇತ್ತು. ತೊಳೆದು ಹೋಗಲಿ ಅಂತ ನಾನೇ ಉಸಿರಿನ ಸಂಖ್ಯೆಯನ್ನು ನಿಮಿಷಕ್ಕೆ 20ರಿಂದ 30ಕ್ಕೆ ಏರಿಸಿದೆ. ಒಳಗೆ ಎಳೆಯೋಕೆ ಒಂದು ಸೆಕೆಂಡ್. ಬಿಡೋಕೆ ಮೊದಲು ಎರಡು ಸೆಕೆಂಡ್ ಇತ್ತು, ಈಗ ಒಂದೇ. ಸ್ವಲ್ಪ ಹೊತ್ತಿಗೆ ಬಿಪಿ ಕುಸಿಯಿತು. ಸೀನಿಯರ್ ಸಿಸ್ಟರ್ ಒಬ್ಬರು ನನ್ನನ್ನು ಸರಿಸಿ ಟ್ಯೂಬನ್ನು ಮೆಷಿನ್ನಿನಿಂದ ಬಿಡಿಸಿದರು. ಸುಯ್ ಅಂತ ಗಾಳಿ ಬಂತು. ಬರುತ್ತಲೇ ಇತ್ತು. ಅಷ್ಟು ಹೊತ್ತು ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ಅದು ಖಾಲಿಯಾದ ಮೇಲೆ ಬಿಪಿ ಏರಿತು.

τ ಒಂದು ಸೆಕೆಂಡ್ ಇರುವ ಭಾಗಕ್ಕೆ ಬಿಡೋಕೆ ಒಂದೇ ಸೆಕೆಂಡ್ ಕೊಟ್ಟರೆ ಶೇ. 37 ಗಾಳಿ ಒಳಗೇ ಉಳಿಯುತ್ತದೆ. ಅದರ ಮೇಲೆ ಮುಂದಿನ ಉಸಿರು, ಅದರ ಮೇಲೆ ಇನ್ನೊಂದು. ಎದೆಯೊಳಗೆ ಒತ್ತಡ ಕಟ್ಟಿಕೊಂಡು ಹೃದಯಕ್ಕೆ ರಕ್ತ ಸರಿಯಾಗಿ ಮರಳೋದಿಲ್ಲ. ಅಸ್ತಮಾದಲ್ಲಿ ಉಸಿರು ಬಿಡುವಾಗ ದಾರಿ ಇನ್ನೂ ಕಿರಿದಾಗುವುದರಿಂದ, ಬಿಡುವ τ ಎಳೆಯುವ τಗಿಂತ ಉದ್ದ. ನನ್ನ ಮುಂದೆಯೇ ಪರದೆ ಇತ್ತು. ಹರಿವಿನ ಗೆರೆ ಸೊನ್ನೆಗೆ ಬರುವ ಮುಂಚೆಯೇ ಮುಂದಿನ ಉಸಿರು ಶುರುವಾಗುತ್ತಿತ್ತು. ನಾನು ಕಾರ್ಬನ್ ಡೈಆಕ್ಸೈಡಿನ ಅಂಕಿ ಮಾತ್ರ ನೋಡುತ್ತಿದ್ದೆ.

ಗಟ್ಟಿಯಾದ ಶ್ವಾಸಕೋಶಕ್ಕೆ ನಿಮಗೆ ಉದಾಹರಣೆ ಬೇಕಿದ್ದರೆ ದಿನ ತುಂಬದೆ ಹುಟ್ಟಿದ ಮಗುವನ್ನು ತೊಗೊಳ್ಳಿ. ಶ್ವಾಸಕೋಶ ಸಲೀಸಾಗಿ ಹಿಗ್ಗುವಂತೆ ಮಾಡುವ ಸರ್ಫ್ಯಾಕ್ಟಂಟ್ ಎಂಬ ವಸ್ತು ಕಡಿಮೆ ಇರುವ ಆ ಪುಟ್ಟ ಶ್ವಾಸಕೋಶದ τ ಸುಮಾರು 0.05 ಸೆಕೆಂಡ್. 0.15 ಸೆಕೆಂಡಿಗೆ ಶೇ. 95 ತುಂಬಿ ಮುಗಿಯಿತು. ಅದಕ್ಕೇ ನಿಮಿಷಕ್ಕೆ 60 ಉಸಿರು ಕೊಟ್ಟರೂ ಅದು ತಡೆಯುತ್ತದೆ, ಅಸ್ತಮಾದವರಿಗೆ 30 ಕೂಡ ಅತಿಯಾಗುತ್ತದೆ. ಇನ್ನು ಸರ್ಫ್ಯಾಕ್ಟಂಟ್ ಕೊಟ್ಟಮೇಲೆ ಕಂಪ್ಲಯನ್ಸ್ ಏರುತ್ತದೆ, τ ಉದ್ದ ಆಗುತ್ತದೆ, ಅದೇ ಒತ್ತಡಕ್ಕೆ ಜಾಸ್ತಿ ಗಾಳಿ ನುಗ್ಗುತ್ತದೆ. ಆಗ ಒತ್ತಡವನ್ನು ಬೇಗ ಇಳಿಸಬೇಕು.

ಮತ್ತೆ ಬರೆಯುವಾಗ ಎರಡು ಮಿತಿ ಹೇಳಿಬಿಡಿ. ಪೂರ್ತಿ ಮುಚ್ಚಿದ ದಾರಿಗೆ ಈ ಲೆಕ್ಕ ಇಲ್ಲ. ಅದು ನಿಧಾನವಾಗಿ ಅಲ್ಲ, ಆ ದಾರಿಯಿಂದ ತುಂಬುವುದೇ ಇಲ್ಲ. ಮತ್ತೆ ಮೆಷಿನ್ ಒತ್ತಡದ ಬದಲು ಒಂದೇ ಸಮ ಹರಿವು ಕೊಡುತ್ತಿದ್ದರೆ ಶೇ. 63ರ ಲೆಕ್ಕ ಹಾಗೇ ಕೂರುವುದಿಲ್ಲ.

"ಉಸಿರೇ ಜೀವ" ಎಂಬ ಮೊದಲ ಎರಡು ಪ್ಯಾರಾ ತೆಗೆಯಿರಿ. ಚಿತ್ರದಲ್ಲಿ ಬಲೂನಿನ ಬದಲು ಎರಡು ಗೆರೆ ಎಳೆಯಿರಿ: ಒಂದು ಸರ್ರನೆ ಏರಿ 200ರಲ್ಲಿ ಮಲಗಲಿ, ಇನ್ನೊಂದು ನಿಧಾನವಾಗಿ ಏರುತ್ತಾ ಅರ್ಧ ಸೆಕೆಂಡಿನ ಹತ್ತಿರ ಅದನ್ನು ದಾಟಿ ಹೋಗಲಿ. ದಾಟುವ ಜಾಗಕ್ಕೆ ಒಂದು ಚುಕ್ಕೆ ಇಡಿ. 800 ಪದ ಸಾಕು. ತಿಂಗಳ ಕೊನೆಯೊಳಗೆ ಕಳಿಸಿ, ನಾನೇ ಓದುತ್ತೇನೆ.